ಕೇಳಿಸಿದ್ದು ಡಾಟಾ ನೆಟ್

ತಾನು ಕೈಹಾಕಿದ ಕಂಪ್ಯೂಟರು ಮತ್ತೆ ತಕರಾರು ಮಾಡುವುದಿಲ್ಲ ಎಂಬುದು ಬಸವಪ್ರಸಾದನ ದೊಡ್ಡ ಜಂಬ. ಬೆಳಗಾವಿಯ ಹಿಂದವಾಡಿಯಲ್ಲಿ ಅವನದೊಂದು ರಿಪೇರಿ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವನು ಹೊರಗೆ ಫುಟ್‌ಪಾತಿನ ಮೇಲೆ ನಿಂತೇ ಮಾತಾಡಬೇಕು. ಆದರೂ ವಡಗಾವಿಯ ನೇಕಾರರಿಂದ ಹಿಡಿದು ಖಾನಾಪುರದ ಹಂಚಿನ ಕಾರ್ಖಾನೆಯವರೆಗೆ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ಕರೆದ ಕೂಡಲೇ ಹೋಗುತ್ತಿದ್ದ, ಬೇಗ ಮುಗಿಸುತ್ತಿದ್ದ, ಬೇಗ ಹೊರಡುತ್ತಿದ್ದ. ಈ ಬೇಗ ಹೊರಡುವುದನ್ನೇ ಜನ ಹುಷಾರಿ ಎಂದು ತಿಳಿದಿದ್ದರು, ಅವನೂ ಹಾಗೇ ತಿಳಿದಿದ್ದ.

ಯಾರ ಯಂತ್ರಕ್ಕಾದರೂ ಹೊಸ ವಿಂಡೋಸ್ ಹಾಕಿದರೆ ಕೊನೆಗೆ ಅವನು ಒಂದು ಸಣ್ಣ ಫೈಲನ್ನು ಓಡಿಸುತ್ತಿದ್ದ. ಎಲ್ಲಿಂದಲೋ ಇಳಿಸಿಕೊಂಡ ಆ ಫೈಲು ವಿಂಡೋಸ್ ತಾನಾಗಿಯೇ ಅಪ್‌ಡೇಟ್ ತರಿಸಿಕೊಳ್ಳುವುದನ್ನು ಪೂರ್ತಿ ಬಂದ್ ಮಾಡುತ್ತಿತ್ತು. ಅಪ್‌ಡೇಟ್ ಬಂದರೆ ಯಂತ್ರ ನಿಧಾನವಾಗುತ್ತದೆ, ಡಾಟಾ ಖಾಲಿಯಾಗುತ್ತದೆ, ಗಿರಾಕಿ ಫೋನ್ ಮಾಡಿ ತಲೆ ತಿನ್ನುತ್ತಾನೆ. ಅದಕ್ಕೆ ಮೊದಲೇ ಬಾಗಿಲು ಹಾಕಿಬಿಡುವುದು. ಆ ಫೈಲು ಏನೇನು ಬಾಗಿಲು ಹಾಕುತ್ತದೆ ಎಂದು ಮಾತ್ರ ಅವನು ಒಮ್ಮೆಯೂ ತೆರೆದು ಓದಿರಲಿಲ್ಲ. ಗಿರಾಕಿಗೂ ಹೇಳುತ್ತಿರಲಿಲ್ಲ. ಕೇಳದೆಯೇ ಮಾಡುವ ಉಪಕಾರ ಅದು.

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಕಿವಿ ತಪಾಸಣೆಯ ಕೇಂದ್ರವಿದೆ. ಅಲ್ಲಿಯ ಸಮೃದ್ಧಿ ಮೇಡಂ ಜನರ ಕಿವಿ ಪರೀಕ್ಷಿಸಿ, ಕಿವಿಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಿ, ಯಾರ ಕಿವಿಗೆ ಎಷ್ಟು ಬೇಕೋ ಅಷ್ಟು ಹೊಂದಿಸಿ ಕೊಡುವವಳು. ಕೇಂದ್ರದ ಕಂಪ್ಯೂಟರಿನಲ್ಲಿದ್ದ ವಿಂಡೋಸ್ ಹತ್ತಕ್ಕೆ ಇನ್ನು ಕಂಪನಿಯ ಆಸರೆ ಇಲ್ಲ ಎಂದು ಟ್ರಸ್ಟಿನವರು ಹನ್ನೊಂದನ್ನು ಹಾಕಿಸಲು ಹೇಳಿದ್ದರು. ಶನಿವಾರ ಬಸವಪ್ರಸಾದ ಹೋಗಿ ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕಿದ. ಕಿವಿಯಂತ್ರದ ಹಳೇ ಸಾಫ್ಟ್‌ವೇರನ್ನೂ ಮತ್ತೆ ತುಂಬಿದ. ಪರದೆಯ ಮೇಲೆ ಅದರ ಚಿತ್ರ ಮೂಡಿತು. ಮೂಡಿತಲ್ಲ, ಸಾಕು. ತೆರೆದು ನೋಡಲಿಲ್ಲ. ತನ್ನ ಬಂದ್ ಮಾಡುವ ಫೈಲನ್ನು ಓಡಿಸಿ, ಚಹಾ ಕುಡಿದು ಬೈಕ್ ಹತ್ತಿದ.

ಸೋಮವಾರ ಅವನು ವಡಗಾವಿಯಲ್ಲಿ ಬಾಳಪ್ಪ ಎಂಬ ನೇಕಾರರ ಮನೆಯಲ್ಲಿದ್ದ. ಸೀರೆಯ ಅಂಚಿನ ಡಿಸೈನು ತೆಗೆಯುವ ಅವರ ಹಳೇ ಕಂಪ್ಯೂಟರು ಕೂತುಬಿಟ್ಟಿತ್ತು. ಬಾಜು ಕೋಣೆಯಲ್ಲಿ ಪವರ್‌ಲೂಮುಗಳು ಖಟಾಖಟ್ ಎಂದು ಗೋಡೆ ಅದುರುವಂತೆ ಬಡಿಯುತ್ತಿದ್ದವು. ಆಗ ಸಮೃದ್ಧಿಯ ಫೋನು ಬಂತು.

“ಬಸವಪ್ರಸಾದ ಅವರ, ಕಿವಿ ಸಾಫ್ಟ್‌ವೇರ್ ತೆಗ್ಯಾಕ ಹೋದ್ರ ಡಾಟ್ ನೆಟ್ ಬೇಕು ಅಂತೈತ್ರಿ. ಡೌನ್‌ಲೋಡ್ ಒತ್ತಿದ್ರ ಆಗವಲ್ದು.”

ಮಗ್ಗದ ಸದ್ದಿನಲ್ಲಿ ಬಸವಪ್ರಸಾದನಿಗೆ ಕೇಳಿಸಿದ್ದು ‘ಡಾಟಾ, ನೆಟ್ ಬೇಕು ಅಂತೈತ್ರಿ’ ಎಂದು. ನಮ್ಮ ಕಡೆ ಮೊಬೈಲಿಗೆ ಹಾಕಿಸುವುದೂ ಡಾಟಾ, ಕಂಪ್ಯೂಟರಿಗೆ ಬರುವುದೂ ಡಾಟಾ. ಅವನು ಎರಡನೇ ಸಲ ಕೇಳಲಿಲ್ಲ.

“ನೆಟ್ ಇಲ್ಲಂದ್ರ ನಾ ಏನ್ ಮಾಡ್ಲಿ ಮೇಡಂ? ಕೇಬಲ್ ಹುಡುಗಗ ಫೋನ್ ಮಾಡ್ರಿ. ಖಾನಾಪುರದಾಗ ರೋಡ್ ಅಗ್ಯಾಕ ಹತ್ಯಾರ, ವೈರ್ ಕಡದಿರ್ತಾರ.”

“ಇಲ್ರಿ, ಫೋಟೊ ಕಳಿಸ್ತೀನಿ, ಒಂದ್ಸಲ ನೋಡ್ರಿ. ಇಲ್ಲಾ ನೀವಾರ ಅಲ್ಲಿಂದನ ಕನೆಕ್ಟ್ ಆಗಿ ನೋಡ್ತೀರೇನು? ಪೇಶಂಟ್ ಅರ್ಜಂಟ್ ಅದಾರ.”

“ನೆಟ್ಟ ಇಲ್ಲಂದ ಮ್ಯಾಲ ಇಲ್ಲಿಂದ ಹೆಂಗ ಕನೆಕ್ಟ್ ಆಗ್ಲಿ?” ಎಂದು ನಕ್ಕ. ತನ್ನ ಮಾತು ತನಗೇ ಬಹಳ ಜಾಣತನದ್ದಾಗಿ ಕಂಡಿತು. ಫೋಟೊ ಬಂದಿತ್ತು. ತೆರೆಯಲಿಲ್ಲ. ಇವನ ಗಿರಾಕಿಗಳಲ್ಲಿ ಅರ್ಜಂಟ್ ಅನ್ನದವರು ಯಾರಿದ್ದರು?

ಆಗ ಅವನ ಚೀಲದಲ್ಲಿದ್ದ ಪೆನ್‌ಡ್ರೈವಿನಲ್ಲಿ ಶನಿವಾರ ಹಾಕಿದ ಅದೇ ವಿಂಡೋಸ್ ಹನ್ನೊಂದು ಹಾಗೇ ಇತ್ತು. ಬಾಳಪ್ಪನವರ ಹಳೇ ಯಂತ್ರಕ್ಕೆ ಹನ್ನೊಂದು ಒಗ್ಗುವುದಿಲ್ಲವೆಂದು ಸಂಜೆ ಅವನು ಆ ಪೆನ್‌ಡ್ರೈವನ್ನು ಅಳಿಸಿ ಹತ್ತನ್ನು ತುಂಬಿಕೊಂಡ.

ಮಂಗಳವಾರ ಮತ್ತೆ ಫೋನು. ಈ ಸಲ ಮಗ್ಗ ಇರಲಿಲ್ಲ. ಸಮೃದ್ಧಿಯ ಧ್ವನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

“ಕೇಬಲ್ ಹುಡುಗ ಕಲ್ಮೇಶ ಬಂದು ನೋಡಿ ಹೋದ್ರಿ. ಲೈನ್ ಛಲೋ ಐತಿ ಅಂತಾನ. ನಾ ಅವನ ಮ್ಯಾಲ ಒದರಿಬಿಟ್ಟೆ. ನೀವಾರ ಬರ್ರಿ ಇವತ್ತ.”

ಅವನು ಊಟ ಮುಗಿಸಿ ಹೊರಟ. ಉದ್ಯಮಬಾಗ ದಾಟಿ ಖಾನಾಪುರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಕೇಂದ್ರದ ಬೆಂಚಿನ ಮೇಲೆ ಒಬ್ಬ ಮುದುಕ ಒಬ್ಬನೇ ಕೂತಿದ್ದ. ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ. ಬಸವಪ್ರಸಾದ ಬಾಗಿಲು ತಳ್ಳಿದ್ದು ಅವನಿಗೆ ಕೇಳಿಸಲಿಲ್ಲ. ನೆರಳು ಬಿದ್ದಾಗ ತಲೆ ಎತ್ತಿ ಎರಡೂ ಕೈ ಜೋಡಿಸಿದ.

ಸಮೃದ್ಧಿ ಸಾಫ್ಟ್‌ವೇರಿನ ಚಿತ್ರದ ಮೇಲೆ ಒತ್ತಿದಳು. ಒಂದು ಚೌಕ ತೆರೆದುಕೊಂಡಿತು. ಈ ಕಂಪ್ಯೂಟರಿನ ಒಂದು ಪ್ರೋಗ್ರಾಮಿಗೆ ವಿಂಡೋಸಿನ ಈ ಸೌಲಭ್ಯ ಬೇಕು, ಡಾಟ್ ನೆಟ್ ಫ್ರೇಮ್‌ವರ್ಕ್ 3.5, ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ಬಸವಪ್ರಸಾದ ಅದನ್ನು ನೋಡುತ್ತ ನಿಂತ.

ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಡಾಟ್ ನೆಟ್ ಎಂದರೆ ಇಂಟರ್‌ನೆಟ್ಟಲ್ಲ. ಪ್ರೋಗ್ರಾಮುಗಳಿಗೆ ಕೆಳಗೆ ಬೇಕಾಗುವ ನೆಲಗಟ್ಟು ಅದು. ಹೊಸ ವಿಂಡೋಸಿನಲ್ಲಿ ಹೊಸ ನೆಲಗಟ್ಟು ಇದ್ದೇ ಇರುತ್ತದೆ, ಆದರೆ ಹಳೇ ಪ್ರೋಗ್ರಾಮುಗಳು ಅದರ ಮೇಲೆ ನಿಲ್ಲುವುದಿಲ್ಲ, ಅವಕ್ಕೆ 3.5 ಬೇಕು. ಅದನ್ನು ಬೇರೆಯಾಗಿ ಚಾಲೂ ಮಾಡಬೇಕು. ಚಾಲೂ ಮಾಡಲು ಬೇಕಾದ ಫೈಲುಗಳನ್ನು ವಿಂಡೋಸ್ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದಿಲ್ಲ. ಕೇಳಿದಾಗ ಅಪ್‌ಡೇಟಿನ ದಾರಿಯಿಂದಲೇ ತರಿಸಿಕೊಳ್ಳುತ್ತದೆ. ಆ ದಾರಿಗೆ ಬಾಗಿಲು ಹಾಕಿದವನು ಯಾರು?

“ಇದನ್ನ ನಿನ್ನಿ ಹೇಳಿದ್ದೆ ನಾ,” ಎಂದಳು ಸಮೃದ್ಧಿ. “ಡಾಟ್ ನೆಟ್ ಅಂತ.”

“ವಿಂಡೋಸ್‌ದ ಒಂದ್ ತಕರಾರು ಮೇಡಂ,” ಎಂದ ಬಸವಪ್ರಸಾದ. “ಹಿಂಗ ಆಗ್ತಿರ್ತೈತಿ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ವಿಂಡೋಸ್ ಎದುರು ನಿಂತು ಇಲ್ಲ ಅನ್ನುವುದಿಲ್ಲವಲ್ಲ.

ಡೌನ್‌ಲೋಡ್ ಒತ್ತಿದ. ಫೈಲುಗಳನ್ನು ಹುಡುಕುತ್ತಿದ್ದೇನೆ ಎಂದಿತು, ಸ್ವಲ್ಪ ಹೊತ್ತು ಚುಕ್ಕಿಗಳು ಓಡಾಡಿದವು, ಆಮೇಲೆ ಆಗಲಿಲ್ಲ ಎಂದಿತು. ತಾನು ನಿಲ್ಲಿಸಿದ್ದ ಅಪ್‌ಡೇಟ್ ಸರ್ವಿಸನ್ನು ಮತ್ತೆ ಚಾಲೂ ಮಾಡಿದ. ಮತ್ತೆ ಒತ್ತಿದ. ಈ ಸಲ ಬೇರೆ ನಂಬರಿನ ಎರರು. ಅವನ ಫೈಲು ಸರ್ವಿಸ್ ನಿಲ್ಲಿಸಿದ್ದಲ್ಲದೆ, ಅಪ್‌ಡೇಟುಗಳನ್ನು ಇಂಥ ಸರ್ವರಿನಿಂದ ಕೇಳು ಎಂದು ಎಲ್ಲಿಯೂ ಇಲ್ಲದ ಒಂದು ಸರ್ವರಿನ ಹೆಸರನ್ನೂ ಬರೆದಿಟ್ಟಿತ್ತು. ಇನ್ನೂ ಏನೇನು ಬರೆದಿತ್ತೋ. ತನ್ನ ಮೊಬೈಲಿನಿಂದ ನೆಟ್ ಕೊಟ್ಟು ನೋಡಿದ. ಅದೇ ಎರರು. ಕಲ್ಮೇಶನ ಲೈನು ನಿಜವಾಗಿಯೂ ಛಲೋ ಇತ್ತು.

“ಪೇಶಂಟ್ ಇವರೇ ಏನ್ರಿ?” ಎಂದು ಕೇಳಿದ, ಏನಾದರೂ ಕೇಳಬೇಕಲ್ಲ ಎಂದು.

“ಹೂಂ. ಬಂಡೆಪ್ಪ ಅಂತ. ಕುರಿ ಕಾಯ್ತಾರ, ಇಲ್ಲೇ ಬಾಜು ಹಳ್ಳಿಯವರು.” ಸಮೃದ್ಧಿ ದನಿ ತಗ್ಗಿಸಲಿಲ್ಲ, ತಗ್ಗಿಸುವ ಅಗತ್ಯವೇ ಇರಲಿಲ್ಲ. “ಇವರ ಕಿವಿಯಂತ್ರ ರಿಪೇರಿಗೆ ಹೋಗಿತ್ತು. ಹೊಸಾ ಬೋರ್ಡ್ ಹಾಕಿ ಕಳಿಸ್ಯಾರ. ಒಳಗ ಇವರ ಕಿವಿದು ಏನೂ ಇಲ್ಲ, ಖಾಲಿ. ನಾ ಇಲ್ಲಿ ಕಂಪ್ಯೂಟರಿಗೆ ಹಚ್ಚಿ ತುಂಬಿದ್ರನ ಕೇಳಸ್ತೈತಿ. ಈ ಮಾಡೆಲ್ ಹಳೇದು, ಬೆಳಗಾವಿಯೊಳಗ ಯಾರ ಕಡೆನೂ ಇದರ ಸಾಫ್ಟ್‌ವೇರ್ ಇಲ್ಲ. ಬ್ಯಾರೇ ಯಂತ್ರ ಹಾಕಿ ನೋಡ್ದೆ, ಇವರ ಕಿವಿಗೆ ಅದರ ಜೋರು ಸಾಲೂದಿಲ್ಲ.”

“ಒಂದೆರಡ ದಿನ ತಡಾ ಆದ್ರ...”

“ನಾಳಿ ಇವರ ಅಕ್ಕಂದು ಆಪರೇಷನ್ ಐತ್ರಿ, ಬೆಳಗಾವಿಯೊಳಗ. ಮಾಯಕ್ಕ ಅಂತ. ಗಂಟಲದಾಗ ಗಂಟು. ಧ್ವನಿಪೆಟ್ಟಿಗಿನ ತಗದಬಿಡ್ತಾರ. ಆಮ್ಯಾಲ ಮಾತಿಲ್ಲ.”

ಬಸವಪ್ರಸಾದ ಬೆಂಚಿನ ಕಡೆ ತಿರುಗಿದ. ಮುದುಕ ಅವನನ್ನೇ ನೋಡುತ್ತಿದ್ದ. ಬಾಯಿ ಆಡುವುದು ಕಂಡರೆ ತಮ್ಮ ಸುದ್ದಿಯೇ ಇರಬೇಕೆಂದು ಕಿವುಡರಿಗೆ ಗೊತ್ತಾಗುತ್ತದೆ.

“ಇವರಿಗೆ ಗೊತ್ತೇನು?”

“ಗಂಟಲಾ ಕೊಯ್ತಾರ, ಅರಾಮ ಆಗ್ತಾಳ ಅಂತ ಇಷ್ಟ ಗೊತ್ತು. ಮಾತು ಹೋಗ್ತೈತಿ ಅಂತ ಗೊತ್ತಿಲ್ಲ. ಓದಾಕ ಬರಂಗಿಲ್ಲ, ಅಂಥಾ ಮಾತನ್ನ ಕೈಸನ್ನಿಲೇ ಹೆಂಗ ಹೇಳೂದು? ಅವರ ಅಕ್ಕನ ಮಗಳು ಪೂನಮ ಉದ್ಯಮಬಾಗದಾಗ ಕೆಲಸಾ ಮಾಡ್ತಾಳ. ನಿನ್ನಿ ರಜಾ ಹಾಕಿ ಕರ್ಕೊಂಡ ಬಂದಿದ್ಳು. ‘ತಮ್ಮನ ಕಿವಿ ಮಾಡಿಸಿ ತಾ, ನಾನ ಅವಗ ಹೇಳ್ತೀನಿ’ ಅಂತ ಮಾಯಕ್ಕ ಹೇಳಿ ಕಳಿಸ್ಯಾಳಂತ.”

ನಿನ್ನೆಯ ಅರ್ಜಂಟ್ ಇದು. ಹೇಳಿಬಿಡಬೇಕು ಎನಿಸಿತು: ಮೇಡಂ, ನೀವು ಹೇಳಿದ್ದನ್ನು ನಾನು ಸರಿಯಾಗಿ ಕೇಳಲಿಲ್ಲ, ಈ ಬಾಗಿಲು ಹಾಕಿದವನೂ ನಾನೇ. ಹೇಳದೆ ಕೆಲಸಕ್ಕೆ ಕೈಹಾಕಿದ. ತಪ್ಪು ಒಪ್ಪುವುದಕ್ಕಿಂತ ಅದನ್ನು ಸದ್ದಿಲ್ಲದೆ ಸರಿಮಾಡಿಬಿಡುವುದು ಸುಲಭ ಎಂದು ನಂಬಿದವರಲ್ಲಿ ಅವನೂ ಒಬ್ಬ.

ನೆಟ್ಟಿನ ಹಂಗೇ ಇಲ್ಲದ ಒಂದು ದಾರಿ ಇತ್ತು. ವಿಂಡೋಸ್ ಹಾಕುವ ಪೆನ್‌ಡ್ರೈವಿನಲ್ಲಿ ಸೋರ್ಸಸ್ ಎಂಬ ಫೋಲ್ಡರ್, ಅದರೊಳಗೆ ಎಸ್‌ಎಕ್ಸ್‌ಎಸ್ ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ. 3.5ಕ್ಕೆ ಬೇಕಾದ ಫೈಲು ಅದರಲ್ಲೇ ಇರುತ್ತದೆ. ಹೊರಗೆ ಹೋಗಿ ಕೇಳಬೇಡ, ಇಲ್ಲಿಂದಲೇ ತಗೋ ಎಂದು ಕಪ್ಪು ಪರದೆಯಲ್ಲಿ ಆಜ್ಞೆ ಬರೆದರೆ ಮುಗಿಯಿತು. ಚೀಲದಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದ, ಆಡಳಿತಗಾರನ ಹಕ್ಕಿನಲ್ಲಿ ಕಪ್ಪು ಪರದೆ ತೆರೆದ, ಬರೆದ, ಒತ್ತಿದ.

ಸೋರ್ಸ್ ಫೈಲುಗಳು ಸಿಗಲಿಲ್ಲ ಎಂದಿತು.

“ಇಲ್ಲೇ ಕಾಣಾಕತ್ತೈತೆಲ್ರಿ ಫೈಲು?” ಎಂದಳು ಸಮೃದ್ಧಿ, ಫೋಲ್ಡರನ್ನು ತೋರಿಸಿ.

“ಕಾಣತೈತ್ರಿ. ಖರೇ, ಇದು ಹತ್ತರದು. ಇಲ್ಲಿರೂದು ಹನ್ನೊಂದು. ಯಾವ ವಿಂಡೋಸ್ ಐತೋ ಅದರದ ಬೇಕು, ಬ್ಯಾರೇದನ್ನ ಒಪ್ಪೂದಿಲ್ಲ.”

“ನೀವು ಶನಿವಾರ ತಂದದ್ದು?”

“ಅದನ್ನ ಅಳಿಸೀನ್ರಿ. ಅಂಗಡ್ಯಾಗಿನ ಕಂಪ್ಯೂಟರದಾಗ ಅದರ ಪೂರ್ತಿ ಕಾಪಿ ಐತಿ.”

ಇಲ್ಲಿಯೇ ಇಳಿಸಿಕೊಳ್ಳೋಣವೆಂದು ನೋಡಿದ. ಅಷ್ಟು ದೊಡ್ಡ ಫೈಲು ಕೇಂದ್ರದ ಲೈನಿನಲ್ಲಿ ಬರಲು ನಾಳೆ ಬೆಳಗಾಗುತ್ತಿತ್ತು. ಹೊರಗೆ ಬಿಸಿಲು ಕೆಂಪಗಾಗಿತ್ತು.

“ನೀವು ಹೋಗಿ ಬರೂದಾದ್ರ ನಾ ಇಲ್ಲೇ ಕುಂದರ್ತೀನಿ,” ಎಂದಳು ಸಮೃದ್ಧಿ. “ಕಡೀ ಬಸ್ಸಿಗೆ ಬೆಳಗಾವಿಗೆ ಹೋದ್ರಾತು.”

ಹೋಗಿ ಬರಬಹುದಿತ್ತು. ಅದನ್ನು ಅವನು ಆಮೇಲೆ ಎಷ್ಟು ಸಲ ಲೆಕ್ಕ ಹಾಕಿದನೋ. ಆದರೆ ಆಗ ಅವನಿಗೆ ಬೆನ್ನು ನೋಯುತ್ತಿತ್ತು, ಕತ್ತಲಲ್ಲಿ ಆ ರಸ್ತೆಯ ಲಾರಿಗಳು ಕಣ್ಣ ಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ, ಆ ಬೆಂಚಿನ ಎದುರಿಂದ ಒಮ್ಮೆ ಎದ್ದು ಹೋದರೆ ಸಾಕು ಎನಿಸಿತ್ತು.

“ಆಪರೇಷನ್ ಎಷ್ಟೊತ್ತಿಗೆ?”

“ಎರಡನೇ ಕೇಸ್ ಅಂತ. ಮಧ್ಯಾಹ್ನ ಆಗ್ತೈತಿ ಅಂದ್ಳು ಪೂನಮ.”

“ಹಂಗಾರ ನಾಳಿ ಮುಂಜಾನೆ ಬಾಗಿಲಾ ತೆಗ್ಯೂದರಾಗ ನಾ ಇಲ್ಲಿರ್ತೀನಿ. ಇವರನ್ನ ನನ್ನ ಬೈಕ್ ಮ್ಯಾಲ ನಾನ ಬೆಳಗಾವಿಗೆ ಮುಟ್ಟಿಸ್ತೀನಿ.”

ಸಮೃದ್ಧಿ ಅದನ್ನು ಅವನ ದೊಡ್ಡ ಮನಸ್ಸೆಂದೇ ತಿಳಿದಳು. “ಭಾಳ ಉಪಕಾರ ಆತ್ರಿ,” ಎಂದಳು. ಉಪಕಾರ ಎಂಬ ಶಬ್ದ ಅವನಿಗೆ ಅಂದು ಚೇಳಿನ ಹಾಗೆ ಕುಟುಕಿತು. ಅವಳು ಬಂಡೆಪ್ಪನಿಗೆ ಕೈಸನ್ನೆಯಲ್ಲಿ ನಾಳೆ ಎಂದಳು. ಮುದುಕ ತಲೆಯಾಡಿಸಿದ. ನಿನ್ನೆಯೂ ಅವನಿಗೆ ನಾಳೆ ಎಂದೇ ಹೇಳಿ ಕಳಿಸಿದ್ದರು.

ಬುಧವಾರ ಅವನು ಹೇಳಿದಂತೆ ಬಂದ. ಸಮೃದ್ಧಿಯೂ ಮೊದಲ ರೈಲಿಗೆ ಬಂದಿದ್ದಳು. ಬಂಡೆಪ್ಪ ಅವರಿಬ್ಬರಿಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ, ತೊಳೆದ ಧೋತರ ಉಟ್ಟು, ಒಂದು ಗಂಟಿನಲ್ಲಿ ಅಕ್ಕನಿಗೆ ರೊಟ್ಟಿ ಕಟ್ಟಿಸಿಕೊಂಡು. ಗಂಟಲು ಕೊಯ್ಯಿಸಿಕೊಳ್ಳುವವಳಿಗೆ ರೊಟ್ಟಿ.

ಬಸವಪ್ರಸಾದ ಮೊದಲು ಕಂಪ್ಯೂಟರಿನ ವಿಂಡೋಸ್ ಯಾವ ಆವೃತ್ತಿಯದೆಂದು ತೆಗೆದು ನೋಡಿದ. ಪೆನ್‌ಡ್ರೈವಿನಲ್ಲಿ ತಂದ ಕಾಪಿಯೂ ಅದೇ. ಹಿಂದೆಂದೂ ಹೀಗೆ ಎರಡೆರಡು ಸಲ ನೋಡಿದವನಲ್ಲ. ಆ ಕಾಪಿಯ ಮೇಲೆ ಬಲಗುಂಡಿ ಒತ್ತಿ ಮೌಂಟ್ ಎಂದ ಕೂಡಲೇ ಅದು ಇನ್ನೊಂದು ಡ್ರೈವಾಗಿ ತೆರೆದುಕೊಂಡಿತು. ಕಪ್ಪು ಪರದೆಯಲ್ಲಿ ನಿನ್ನೆಯ ಆಜ್ಞೆಯನ್ನೇ ಬರೆದು, ಡ್ರೈವಿನ ಅಕ್ಷರ ಮಾತ್ರ ಬದಲಿಸಿದ. ನೆಟ್‌ಎಫ್‌ಎಕ್ಸ್ 3 ಎಂಬ ಹೆಸರಿನ ಆ 3.5ನ್ನು ಚಾಲೂ ಮಾಡು, ಅದರ ಕೆಳಗಿನದೆಲ್ಲ ಚಾಲೂ ಮಾಡು, ಸೋರ್ಸ್ ಇಲ್ಲಿದೆ, ಅಪ್‌ಡೇಟಿನ ಕಡೆ ಹೋಗಬೇಡ. ಒತ್ತಿದ.

ಗೆರೆ ಮುಂದೆ ಹೋಗತೊಡಗಿತು. ಅರ್ಧ ದಾಟಿ ಒಂದು ಕಡೆ ನಿಂತುಬಿಟ್ಟಿತು. ಅದು ಹಾಗೆ ನಿಂತು ಹೋಗುವುದು ರೂಢಿ ಎಂದು ಅವನಿಗೆ ಗೊತ್ತಿತ್ತು, ಆದರೂ ಉಸಿರು ಹಿಡಿದೇ ಕೂತ. ಬಸವಣ್ಣಾ, ಇದೊಂದು ಆಗಲಿ ಎಂದುಕೊಂಡ. ಗೆರೆ ಮತ್ತೆ ಹೊರಟು ನೂರು ಮುಟ್ಟಿತು. ಕೆಲಸ ಯಶಸ್ವಿಯಾಯಿತು ಎಂಬ ಒಂದು ಸಾಲು ಬಂತು.

ಅಷ್ಟೇ. ಸೋಮವಾರ ಫೋನಿನಲ್ಲಿ ಸರಿಯಾಗಿ ಕೇಳಿಸಿಕೊಂಡು, ಚೀಲದಲ್ಲಿದ್ದ ಪೆನ್‌ಡ್ರೈವ್ ಹಿಡಿದು ಬಂದಿದ್ದರೆ, ಚಹಾ ಆರುವುದರೊಳಗೆ ಮುಗಿಯುವ ಕೆಲಸ.

ಕಿವಿಯಂತ್ರದ ಸಾಫ್ಟ್‌ವೇರು ತೆರೆದುಕೊಂಡಿತು. ಸಮೃದ್ಧಿ ಬಂಡೆಪ್ಪನ ಯಂತ್ರವನ್ನು ಸಣ್ಣ ವೈರಿನಿಂದ ಕಂಪ್ಯೂಟರಿಗೆ ಹಚ್ಚಿದ್ದ ಡಬ್ಬಿಗೆ ಜೋಡಿಸಿ, ಅವನ ಕಿವಿಯ ಲೆಕ್ಕವನ್ನು ಒಂದೊಂದಾಗಿ ತುಂಬಿದಳು. ಕಿವಿಗೆ ಹಚ್ಚಿ, ಮೆಲ್ಲಗೆ ಜೋರು ಏರಿಸುತ್ತ, “ಕಾಕಾ, ಕೇಳಸತೈತೇನು?” ಎಂದಳು.

ಮುದುಕ ಬೆಚ್ಚಿದ. ಆಮೇಲೆ ಮುಖ ಅರಳಿತು. “ಕೇಳಸ್ತವ್ವಾ! ಫ್ಯಾನ್ ತಿರಗೂದೂ ಕೇಳಸತೈತಿ!” ಎಂದು ಕಿವುಡರ ದೊಡ್ಡ ದನಿಯಲ್ಲಿ ಕೂಗಿ, ತನ್ನ ಕೂಗಿಗೆ ತಾನೇ ಹೆದರಿ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಸಮೃದ್ಧಿ ನಕ್ಕಳು, ಕಣ್ಣೊರೆಸಿಕೊಂಡಳು. “ಎಲ್ಲಾ ಇವರಿಂದ ಆತು, ಕಾಕಾ,” ಎಂದು ಬಸವಪ್ರಸಾದನನ್ನು ತೋರಿಸಿದಳು. ಬಂಡೆಪ್ಪ ಎದ್ದು ಬಂದು ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಕೈ ಕಿತ್ತುಕೊಂಡು ಓಡಿಹೋಗಬೇಕು ಎನಿಸಿತು ಬಸವಪ್ರಸಾದನಿಗೆ.

ಬೈಕಿನ ಮೇಲೆ ಮುದುಕ ದಾರಿಯುದ್ದಕ್ಕೂ ಮಾತಾಡಿದ. “ಅದೇನ್ ಹಕ್ಕಿ? ಕೆಂಬೂತ? ಎಷ್ಟ ದಿನಾ ಆತು ಕೇಳಿ!” ಎಂದ. ಲಾರಿ ಹಾರ್ನ್ ಹೊಡೆದರೆ ಕೇಕೆ ಹಾಕಿ ನಕ್ಕ. “ನಮ್ಮಕ್ಕನ ದನಿ ಅಂದ್ರ ಸಾಹೇಬ್ರ, ಹಳ್ಳದ ಆ ಕಡೆ ನಿಂತು ‘ಬಂಡ್ಯಾ’ ಅಂದ್ರ ಈ ಕಡೆ ಕುರಿ ತಲಿ ಎತ್ತತಿದ್ವು. ಹಡದವ್ವ ಸತ್ತ ಮ್ಯಾಲ ನನಗ ಉಣ್ಣಾಕ ಕರದಾಕಿ ಆಕಿನ. ಈಗ ಸ್ವಲ್ಪ ಒಡದೈತಂತ ದನಿ. ಒಡೀಲಿ ಬಿಡ್ರಿ, ಕೇಳಿದ್ರ ಸಾಕು.”

ದೇಸೂರಿನ ಹತ್ತಿರ ಫೋನು ಬಡಿಯಿತು. ಗಾಡಿ ಬದಿಗೆ ಹಚ್ಚಿದ. ಪೂನಮ. ಸಮೃದ್ಧಿ ಅವಳಿಗೆ ನಂಬರು ಕೊಟ್ಟಿದ್ದಳು.

“ಎಲ್ಲಿ ಅದೀರ್ರಿ? ಮೊದಲನೇ ಪೇಶಂಟಿಗೆ ಜ್ವರ ಬಂದಾವಂತ. ಅವ್ವನ್ನ ಈಗ ಒಳಗ ಕರ್ಕೊಂಡ ಹೋದ್ರು. ನಾ ‘ಸ್ವಲ್ಪ ತಡೀರಿ, ನಮ್ಮ ಮಾಮಾ ಬರಾಕ ಹತ್ಯಾನ’ ಅಂದೆ. ಡಾಕ್ಟರ್ ತಯಾರಾಗಿ ನಿಂತಾರ, ತಡ್ಯಾಕ ಬರಂಗಿಲ್ಲ ಅಂದ್ರು.” ಅವಳು ಅಳುತ್ತಿದ್ದಳು.

“ಮೊಬೈಲದಾಗ ಅವರ ಮಾತು ತುಂಬಿ ಇಟ್ಟಿದ್ರೇನ್ರಿ?” ಎಂದು ಕೇಳಿದ ಬಸವಪ್ರಸಾದ. ಅವಳು ಹೌದು ಎಂದರೆ ತನ್ನ ತಲೆಯ ಮೇಲಿನದು ಅರ್ಧವಾದರೂ ಇಳಿದೀತು ಎಂಬ ಆಸೆ.

“ನಿನ್ನಿನ ಅಂದ್ನಿರಿ ನಾ. ‘ಡಬ್ಬಿ ಮುಂದ ಮಾತಾಡಾಕ ನನಗ ಬರಂಗಿಲ್ಲ, ತಮ್ಮನ ಮಾರಿ ನೋಡಿ ಹೇಳ್ತೀನಿ’ ಅಂದ್ಳು. ಒಳಗ ಹೋಗೂತನಾ ಬಾಗಿಲಾನ ನೋಡಾಕ ಹತ್ತಿದ್ಳು.”

ಹಿಂದಿನಿಂದ ಬಂಡೆಪ್ಪ ಭುಜ ತಟ್ಟಿದ. “ಪೂನಮನ ದನಿ ಅಲ್ಲೇನು ಅದು? ಏನಂತಾಳ?”

“ಲಗೂನ ಬರ್ರಿ ಅಂತಾರ,” ಎಂದ ಬಸವಪ್ರಸಾದ.

ಗಾಡಿಯನ್ನು ಎಷ್ಟು ಜೋರಾಗಿ ಓಡಿಸಿದರೂ ಇನ್ನು ಏನೂ ಆಗುವುದಿರಲಿಲ್ಲ, ಆದರೂ ಓಡಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಪೂನಮನ ಕೈಗೆ ಮುದುಕನನ್ನು ಒಪ್ಪಿಸಿ, ಕೆಲಸವಿದೆ ಎಂದು ತಿರುಗಿದ. ಕೆಲಸವಿರಲಿಲ್ಲ. ಅಂಗಡಿಯ ಶಟರ್ ಅರ್ಧ ಇಳಿಸಿಕೊಂಡು ಒಳಗೆ ಕೂತ. ಆ ಬಂದ್ ಮಾಡುವ ಫೈಲನ್ನು ಮೊದಲ ಸಲ ತೆರೆದು ಓದಿದ, ಓದಿ ಅಳಿಸಿದ. ಅಳಿಸಿದ ಮೇಲೂ ಹಗುರವಾಗಲಿಲ್ಲ.

ಗುರುವಾರ ಯಾವ ಗಿರಾಕಿ ಫೋನ್ ಮಾಡಿದರೂ “ಇನ್ನೊಮ್ಮೆ ಹೇಳ್ರಿ” ಎಂದು ಎರಡೆರಡು ಸಲ ಕೇಳಿದ. ಕಲ್ಮೇಶನಿಗೆ ತಾನೇ ಫೋನ್ ಮಾಡಿ, “ನಿನ್ನ ಲೈನ್ ಸರಿ ಇತ್ತು ಮಾರಾಯ, ತಪ್ಪು ನನ್ನ ಕಡೀಂದ ಆಗೈತಿ” ಎಂದ. ಸಮೃದ್ಧಿಗೂ ಇದ್ದದ್ದನ್ನು ಇದ್ದಂತೆ ಹೇಳಿದ. “ಇದನ್ನ ನನಗ ಹೇಳಿ ಏನ್ ಮಾಡ್ತೀರಿ?” ಎಂದು ಫೋನ್ ಇಟ್ಟಳು.

ಶುಕ್ರವಾರ ಅವನು ಆಸ್ಪತ್ರೆಗೆ ಹೋದ. ಮಾಯಕ್ಕನನ್ನು ಅಂದೇ ಐಸಿಯುನಿಂದ ವಾರ್ಡಿಗೆ ತಂದಿದ್ದರು. ಕುತ್ತಿಗೆಯಲ್ಲಿ ನಳಿಕೆ, ಮೂಗಿನಲ್ಲಿ ನಳಿಕೆ, ಎಚ್ಚರವಿತ್ತು. ಪೂನಮ ಬಾಗಿಲ ಹೊರಗೇ ನಿಂತಿದ್ದಳು.

“ಹೇಳಿದ್ರೇನ್ರಿ ಅವರಿಗೆ?” ಎಂದ.

ಅವಳು ಇಲ್ಲವೆಂದು ತಲೆಯಾಡಿಸಿದಳು. “ಎರಡ ದಿನಾ ಆತು, ಬಾಯಿ ಬರವಲ್ದ್ರಿ. ಐಸಿಯುದಾಗ ಮಾತಾಡಾಕ ಬಿಡಂಗಿಲ್ಲ ಅಂತ ಹೇಳಿ ತಡದೆ. ಈಗ ಒಳಗ ಕುಂತಾನ, ನೋಡ್ರಿ.”

ಬಂಡೆಪ್ಪ ಮಂಚದ ಬಾಜು ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ. ಮಾಯಕ್ಕ ಅವನ ಮುಖವನ್ನೇ ನೋಡುತ್ತ ತುಟಿ ಆಡಿಸುತ್ತಿದ್ದಳು. ಏನನ್ನೋ ಹೇಳಿದಳು, ನಿಂತಳು, ಮತ್ತೆ ಹೇಳಿದಳು. ಬಂಡೆಪ್ಪ ಕಿವಿಯಂತ್ರವನ್ನು ಬೆರಳಿನಿಂದ ತಟ್ಟಿದ, ತೆಗೆದು ಊದಿದ, ಮತ್ತೆ ಹಚ್ಚಿಕೊಂಡು ಇನ್ನೂ ಹತ್ತಿರಕ್ಕೆ ಬಾಗಿದ. ಬಸವಪ್ರಸಾದನನ್ನು ಕಂಡದ್ದೇ ಮುಖ ಅರಳಿತು.

“ಛಲೋ ಹೊತ್ತಿಗೆ ಬಂದ್ರಿ ಸಾಹೇಬ್ರ! ಎಲ್ಲಾರದೂ ಕೇಳತೈತಿ. ನರ್ಸಮ್ಮಂದು ಕೇಳತೈತಿ, ಹೊರಗ ಗಾಡೀ ಸದ್ದು ಕೇಳತೈತಿ. ನಮ್ಮಕ್ಕಂದ ಅಷ್ಟ ಕೇಳವಲ್ದು. ಇದರಾಗ ಆಕಿ ದನೀದು ಏನರ ತುಂಬೂದು ಉಳದೈತೇನು? ನಿಮ್ಮ ಪೆನ್‌ಡ್ರೈವ್ ತಂದೀರೇನು?”

ಮಾಯಕ್ಕನ ಕಣ್ಣುಗಳು ಬಸವಪ್ರಸಾದನ ಕಡೆ ತಿರುಗಿದವು. ಅವನ್ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಹೇಳು ಎಂದು ಕೇಳುವಂತಿದ್ದವು. ಅವನು ಸ್ಟೂಲಿನ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ.

“ಕಾಕಾ, ಯಂತ್ರ ಸರಿ ಐತಿ. ಆಪರೇಷನ್‌ದಾಗ ಅಕ್ಕಾರ ಧ್ವನಿಪೆಟ್ಟಿಗಿ ತಗದಾರ. ಇನ್ನ ಅವರಿಗೆ ಮೊದಲಿನಂಗ ಮಾತು ಬರಂಗಿಲ್ಲ. ಇದನ್ನ ನಿಮಗ ತಾವ ಹೇಳಬೇಕಂತ ಭಾಳ ಹಾದಿ ನೋಡಿದ್ರಂತ.”

ಬಂಡೆಪ್ಪ ಅಕ್ಕನ ಕಡೆ ನೋಡಿದ. ಅವಳು ಕಣ್ಣು ಮುಚ್ಚಿ ತೆರೆದಳು. ಹೌದು. ಮುದುಕ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಸವರುತ್ತ ಕೂತ. ಆಮೇಲೆ, ಲೆಕ್ಕ ಹತ್ತದವನಂತೆ, ಬಸವಪ್ರಸಾದನನ್ನು ಕೇಳಿದ.

“ಆಪರೇಷನ್ ಆಗಿದ್ದು ಬುಧವಾರ ಅಲ್ಲೇನ್ರಿ?”

“ಹೌದ್ರಿ.”

“ನಾ ಸೋಮವಾರನ ಬಂದಿದ್ನೆಲ್ರಿ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಬಸವಪ್ರಸಾದ ಹೇಗೋ ತಡೆದುಕೊಳ್ಳುತ್ತಿದ್ದ.

“ಬಂದಿದ್ರಿ, ಕಾಕಾ,” ಎಂದ. “ಮೇಡಂ ನನಗ ಹೇಳಿದ್ರು. ನಾ ಕಿವಿ ಕೊಟ್ಟು ಕೇಳಲಿಲ್ಲ. ತಪ್ಪು ನಂದು.”

ಪಿಸುಮಾತಿನಷ್ಟೇ ಮೆಲ್ಲಗೆ ಹೇಳಿದ್ದು ಅದು. ಸಮೃದ್ಧಿ ಹೊಂದಿಸಿ ಕೊಟ್ಟ ಆ ಯಂತ್ರದಲ್ಲಿ ಬಂಡೆಪ್ಪನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.